ಅಂಗಡಿ ಬಾಡಿಗೆ ಮಾಲೀಕರಿಗೆ, ಅದರ ಜಿಎಸ್‌ಟಿ ಮಾತ್ರ ನಿಮ್ಮ ತಲೆಗೆ: ರಿವರ್ಸ್ ಚಾರ್ಜ್ ಅಂದ್ರೆ ಏನು, ಯಾರಿಗೆ ಹೊರೆ?

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದ್ದು ನೆನಪಿರಬಹುದು. ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ 'ಕ್ಯಾಶ್ ಮಾತ್ರ' ಅನ್ನೋ ಬೋರ್ಡ್ ಬಂತು. ಕೊನೆಗೆ ಸರ್ಕಾರ, ಹಳೆಯದನ್ನು ಕೆದಕುವುದಿಲ್ಲ, ನೋಂದಣಿ ಮಾಡಿಸಿಕೊಳ್ಳಿ ಅಂತ ಸಮಾಧಾನ ಹೇಳಿತು. ಜಗಳವೆಲ್ಲ ನಡೆದದ್ದು ಮಾರಾಟದ ಮೇಲಿನ ತೆರಿಗೆಯ ಬಗ್ಗೆ. ನೋಂದಣಿ ಮಾಡಿಸಿಕೊಂಡ ದಿನದಿಂದಲೇ ಅಂಗಡಿ ಬಾಡಿಗೆಯ ಮೇಲೆ ಶೇ 18 ತೆರಿಗೆಯನ್ನು ಬಾಡಿಗೆದಾರನೇ ಕಟ್ಟಬೇಕಾಗಬಹುದು ಅನ್ನೋದನ್ನು ಮಾತ್ರ ಯಾರೂ ದೊಡ್ಡದಾಗಿ ಹೇಳಲಿಲ್ಲ.

ಸಾಮಾನ್ಯವಾಗಿ ಜಿಎಸ್‌ಟಿಯಲ್ಲಿ ಸೇವೆ ಕೊಟ್ಟವರು ಗ್ರಾಹಕರಿಂದ ತೆರಿಗೆ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುತ್ತಾರೆ. ರಿವರ್ಸ್ ಚಾರ್ಜ್‌ನಲ್ಲಿ ಇದು ಉಲ್ಟಾ, ಸೇವೆ ಪಡೆದವರೇ ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಅಂಗಡಿ ಬಾಡಿಗೆಗೆ ಈ ಉಲ್ಟಾ ನಿಯಮ ಬಂದಿದ್ದು 2024ರ ಅಕ್ಟೋಬರ್ 10ರಿಂದ. ಮಾಲೀಕರು ಜಿಎಸ್‌ಟಿಯಲ್ಲಿ ನೋಂದಣಿ ಆಗಿಲ್ಲ, ಬಾಡಿಗೆದಾರ ಆಗಿದ್ದಾನೆ ಅಂದ್ರೆ ತೆರಿಗೆ ಬಾಡಿಗೆದಾರನ ಮೇಲೆ. ಅದಕ್ಕೂ ಮೊದಲು ಇಂಥ ಬಾಡಿಗೆಗೆ ತೆರಿಗೆಯೇ ಬೀಳುತ್ತಿರಲಿಲ್ಲ. ಯಾಕಂದ್ರೆ ವರ್ಷಕ್ಕೆ 20 ಲಕ್ಷದೊಳಗಿನ ಆದಾಯದ ಕಟ್ಟಡ ಮಾಲೀಕರು ನೋಂದಣಿ ಮಾಡಿಸಬೇಕಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲಿ ಒಂದೆರಡು ಮಳಿಗೆ ಕಟ್ಟಿಸಿ ಬಾಡಿಗೆಗೆ ಬಿಟ್ಟವರಲ್ಲಿ ಹೆಚ್ಚಿನವರು ಈ ಮಿತಿಯ ಹತ್ತಿರವೂ ಹೋಗೋದಿಲ್ಲ. ಅಂದ್ರೆ ಈ ನಿಯಮ ಬರೆದಿದ್ದೇ ಇಂಥ ಊರುಗಳಿಗೆ ಅಂತ ಹೇಳಿದರೂ ತಪ್ಪಾಗಲ್ಲ.

ಒಂದು ಲೆಕ್ಕ ಹಾಕೋಣ. ಕಡೂರಿನ ಬಿ.ಎಚ್. ರಸ್ತೆಯಲ್ಲಿ ಒಂದು ಮೊಬೈಲ್ ಅಂಗಡಿ ಇದೆ ಅಂದುಕೊಳ್ಳಿ. ಬಾಡಿಗೆ ತಿಂಗಳಿಗೆ 15,000. ಮಾಲೀಕರು ನಿವೃತ್ತ ಮೇಷ್ಟ್ರು, ಜಿಎಸ್‌ಟಿ ನಂಬರ್ ಇಲ್ಲ. ಅಂಗಡಿಯ ಹುಡುಗ ನೋಟಿಸ್ ಗಲಾಟೆಯ ನಂತರ ಮಾಮೂಲಿ ಸ್ಕೀಮಿನಲ್ಲಿ ನೋಂದಣಿ ಮಾಡಿಸಿದ್ದಾನೆ. ಬಾಡಿಗೆಯ ಮೇಲೆ ತೆರಿಗೆ 2,700 ರೂಪಾಯಿ, ಅರ್ಧ ಕೇಂದ್ರಕ್ಕೆ, ಅರ್ಧ ರಾಜ್ಯಕ್ಕೆ. ಮೇಷ್ಟ್ರು ಬಿಲ್ ಕೊಡುವ ಹಾಗಿಲ್ಲ, ಆದ್ದರಿಂದ ಅವರ ಹೆಸರು, ವಿಳಾಸ ಹಾಕಿ ಹುಡುಗನೇ ತನಗೆ ತಾನೇ ಒಂದು ಇನ್‌ವಾಯ್ಸ್ ಬರೆದುಕೊಳ್ಳಬೇಕು. ಇದಕ್ಕೆ ಸೆಲ್ಫ್ ಇನ್‌ವಾಯ್ಸ್ ಅಂತಾರೆ. 2024ರ ನವೆಂಬರ್ 1ರಿಂದ ಇದಕ್ಕೆ ಸೇವೆ ಪಡೆದ 30 ದಿನಗಳ ಗಡುವೂ ಇದೆ. ದುಡ್ಡು ಕೊಟ್ಟಾಗ ಒಂದು ಪೇಮೆಂಟ್ ವೋಚರ್ ಕೂಡ ಬೇಕು.

ಆ ತಿಂಗಳು ಅವನ ಮಾರಾಟದ ಮೇಲಿನ ತೆರಿಗೆ 18,400. ಸರಕು ಕೊಳ್ಳುವಾಗ ಆಗಲೇ ಕೊಟ್ಟ ತೆರಿಗೆ 16,000. ಬಾಡಿಗೆಯ ವಿಷಯವೇ ಇಲ್ಲದಿದ್ದರೆ ವ್ಯತ್ಯಾಸದ 2,400 ಕಟ್ಟಿದರೆ ಮುಗೀತಿತ್ತು. ಈಗ ಬಾಡಿಗೆಯ 2,700 ಮೊದಲು ಕಟ್ಟಬೇಕು, ಅದೂ ಕ್ಯಾಶ್ ಲೆಡ್ಜರ್‌ನಿಂದಲೇ. ಎಷ್ಟೇ ಕ್ರೆಡಿಟ್ ಇದ್ದರೂ ರಿವರ್ಸ್ ಚಾರ್ಜ್ ತೆರಿಗೆಗೆ ಅದನ್ನು ಬಳಸಲು ಬರೋದಿಲ್ಲ. ಆದರೆ ಕಟ್ಟಿದ 2,700 ಅದೇ ತಿಂಗಳ ರಿಟರ್ನ್‌ನಲ್ಲಿ ಅವನ ಕ್ರೆಡಿಟ್ ಆಗಿ ವಾಪಸ್ ಬರುತ್ತೆ. ಒಟ್ಟು ಕ್ರೆಡಿಟ್ 18,700 ಆಯಿತು. ಮಾರಾಟದ 18,400 ಅದರಲ್ಲೇ ತೀರಿ, 300 ರೂಪಾಯಿ ಮುಂದಿನ ತಿಂಗಳಿಗೆ ಉಳಿಯಿತು. ಕೈಯಿಂದ ಹೋಗಿದ್ದು 2,400 ಬದಲು 2,700, ಆ 300 ಕೂಡ ಅವನ ಖಾತೆಯಲ್ಲೇ ಇದೆ. GSTR-3B ಫಾರ್ಮಿನಲ್ಲಿ ತೆರಿಗೆ ತೋರಿಸುವ ಜಾಗ 3.1(d), ಕ್ರೆಡಿಟ್ ಕೇಳುವ ಜಾಗ 4(A)(3). ಎರಡೂ ಕಡೆ ಒಂದೇ ಮೊತ್ತ ಬಂದಿದೆಯಾ ಅಂತ ನೋಡಿದರೆ ಸಾಕು, ನಿಮ್ಮ ಅಕೌಂಟೆಂಟ್ ಇದನ್ನು ಮರೆತಿದ್ದಾರಾ ಇಲ್ಲವಾ ಅನ್ನೋದು ಗೊತ್ತಾಗುತ್ತೆ.

ಹಾಗಾದರೆ ನಷ್ಟ ಎಲ್ಲಿ? ಮರೆತಾಗ. ವರ್ಷವಿಡೀ ಕಟ್ಟದೆ ಒಟ್ಟಿಗೆ ಕಟ್ಟಲು ಹೋದರೆ 32,400 ತೆರಿಗೆಯ ಜೊತೆ ವಾರ್ಷಿಕ ಶೇ 18 ಬಡ್ಡಿ ಸೇರುತ್ತೆ. ಮೊದಲ ತಿಂಗಳದ್ದು 12 ತಿಂಗಳು ತಡ, ಕೊನೆಯದ್ದು 1 ತಿಂಗಳು ತಡ ಅಂತ ಲೆಕ್ಕ ಹಿಡಿದರೆ ಬಡ್ಡಿ ಸುಮಾರು 3,160 ರೂಪಾಯಿ. ತೆರಿಗೆಗೆ ಕ್ರೆಡಿಟ್ ಸಿಗುತ್ತೆ, ಬಡ್ಡಿಗೆ ಸಿಗಲ್ಲ. ದಂಡದ ಮಾತು ಬೇರೆ.

ಕ್ರೆಡಿಟ್ ಸಿಗುವವರ ಕಥೆ ಇದಾದರೆ, ಸಿಗದವರದ್ದು ಬೇರೆಯೇ. ಬಸ್ ಸ್ಟ್ಯಾಂಡ್ ಪಕ್ಕದ ಒಂದು ಹೋಟೆಲ್ ತೆಗೆದುಕೊಳ್ಳಿ. ಮಾಮೂಲಿ ಸ್ಕೀಮಿನ ಹೋಟೆಲ್‌ಗಳು ಊಟ, ತಿಂಡಿಗೆ ಶೇ 5 ತೆರಿಗೆ ಹಾಕುತ್ತವೆ, ಆದರೆ ಕ್ರೆಡಿಟ್ ಪಡೆಯುವ ಹಾಗಿಲ್ಲ ಅನ್ನೋದೇ ಆ ದರದ ಷರತ್ತು. ಬಾಡಿಗೆ 25,000 ಇದ್ದರೆ ತಿಂಗಳಿಗೆ 4,500, ವರ್ಷಕ್ಕೆ 54,000 ನೇರ ಖರ್ಚು. ವಾಪಸ್ ಬರುವ ದಾರಿಯೇ ಇಲ್ಲ. ಬಿಡಿ ಅಕ್ಕಿ, ರಾಗಿಯ ಜೊತೆ ಸೋಪು, ಪೇಸ್ಟ್ ಮಾರುವ ದಿನಸಿ ಅಂಗಡಿಯದ್ದು ನಡುವಿನ ಸ್ಥಿತಿ. ತೆರಿಗೆ ಇಲ್ಲದ ಸರಕಿನ ಪಾಲಿಗೆ ತಕ್ಕಷ್ಟು ಕ್ರೆಡಿಟ್ ಬಿಟ್ಟುಕೊಡಬೇಕು. ನನಗೆ ಈ ನಿಯಮದ ಬಗ್ಗೆ ತಕರಾರಿರೋದು ಇಲ್ಲೇ. ಮೊಬೈಲ್ ಅಂಗಡಿಯಿಂದ ಸರ್ಕಾರಕ್ಕೆ ಹೊಸದಾಗಿ ಒಂದು ರೂಪಾಯಿಯೂ ಉಳಿಯಲ್ಲ, ಬರೀ ಕಾಗದದ ಕೆಲಸ. ನಿಜವಾದ ದುಡ್ಡು ಬರೋದು ಕ್ರೆಡಿಟ್ ಇಲ್ಲದ ಹೋಟೆಲ್, ದಿನಸಿಯವರಿಂದ. ಕಟ್ಟಡ ಇರೋರ ಬದಲು ಬಾಡಿಗೆ ಕೊಡೋರನ್ನು ಹಿಡಿಯೋದು ಇಲಾಖೆಗೆ ಸುಲಭ, ಅಷ್ಟೇ.

ಕಾಂಪೊಸಿಷನ್ ಸ್ಕೀಮಿನವರಿಗೆ ಮೊದಲು ಏಟು ಇನ್ನೂ ಜೋರಾಗಿತ್ತು. ವಹಿವಾಟಿನ ಮೇಲೆ ವ್ಯಾಪಾರಿಗಳು ಶೇ 1, ಹೋಟೆಲ್‌ನವರು ಶೇ 5 ಕಟ್ಟಿ ಕ್ರೆಡಿಟ್ ಬಿಟ್ಟುಕೊಡುವ ಈ ಸಣ್ಣವರ ಮೇಲೂ ಬಾಡಿಗೆಯ ಶೇ 18 ಬಿತ್ತು. ಕೂಗೆದ್ದ ಮೇಲೆ 2024ರ ಡಿಸೆಂಬರ್ 21ರಂದು ಜೈಸಲ್ಮೇರ್‌ನಲ್ಲಿ ನಡೆದ ಜಿಎಸ್‌ಟಿ ಕೌನ್ಸಿಲ್ ಸಭೆ ಅವರನ್ನು ಕೈಬಿಟ್ಟಿತು. 2025ರ ಜನವರಿ 16ರಿಂದ ಕಾಂಪೊಸಿಷನ್‌ನವರು ನೋಂದಣಿ ಇಲ್ಲದ ಮಾಲೀಕರ ಅಂಗಡಿ ಬಾಡಿಗೆಗೆ ತೆರಿಗೆ ಕಟ್ಟಬೇಕಿಲ್ಲ. ನಡುವಿನ ಮೂರು ತಿಂಗಳನ್ನೂ ಇದ್ದದ್ದು ಇದ್ದ ಹಾಗೆ ಅಂತ ಬಿಟ್ಟಿದ್ದಾರೆ.

ಆದರೆ ಒಂದು ಕೊಂಡಿ ಉಳಿದಿದೆ. ಅಂಗಡಿ ಪುರಸಭೆಯ ಮಳಿಗೆ ಆಗಿದ್ದರೆ? ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಕಟ್ಟಡಕ್ಕೆ ಬೇರೆಯೇ ನಿಯಮ, ಅದು 2018ರ ಜನವರಿ 25ರಿಂದಲೂ ಇದೆ. ಬಾಡಿಗೆದಾರ ನೋಂದಣಿ ಆಗಿದ್ದರೆ ರಿವರ್ಸ್ ಚಾರ್ಜ್. ಕಾಂಪೊಸಿಷನ್‌ನವರಿಗೆ ಕೊಟ್ಟ ವಿನಾಯಿತಿಯನ್ನು ಈ ನಿಯಮಕ್ಕೆ ಸೇರಿಸಿಲ್ಲ. ಹಾಗಾಗಿ ಅಕ್ಕಪಕ್ಕದ ಎರಡು ಅಂಗಡಿ, ಇಬ್ಬರೂ ಕಾಂಪೊಸಿಷನ್, ಬಾಡಿಗೆಯೂ ಒಂದೇ ಇದ್ದರೂ ಖಾಸಗಿ ಕಟ್ಟಡದವನಿಗೆ ತೆರಿಗೆ ಇಲ್ಲ, ಪುರಸಭೆ ಮಳಿಗೆಯವನಿಗೆ ಇದೆ. ಹರಾಜಿನಲ್ಲಿ ಮಳಿಗೆ ಕೂಗುವ ಮುಂಚೆ ಈ 18ನ್ನು ಸೇರಿಸಿ ಲೆಕ್ಕ ಹಾಕೋದು ಒಳ್ಳೇದು.

ಮಾಲೀಕರ ಕಡೆಯಿಂದಲೂ ಒಂದು ಗೊಂದಲ ಪದೇ ಪದೇ ಬರುತ್ತೆ. ತರೀಕೆರೆಯಲ್ಲಿ ಅಡಿಕೆ ವ್ಯಾಪಾರ ಮಾಡುವವರೊಬ್ಬರು ತಮ್ಮ ಮಂಡಿಯ ಪಕ್ಕ ಎರಡು ಅಂಗಡಿ ಬಾಡಿಗೆಗೆ ಬಿಟ್ಟಿದ್ದಾರೆ ಅನ್ನಿ. ಬಾಡಿಗೆ ವರ್ಷಕ್ಕೆ ಬರೀ 3 ಲಕ್ಷ, 20 ಲಕ್ಷದೊಳಗೇ ಇದೆಯಲ್ಲ ಅಂತ ಅವರು ಸುಮ್ಮನಿರುತ್ತಾರೆ. ಆದರೆ ಅಡಿಕೆ ವ್ಯಾಪಾರಕ್ಕೆ ಅವರ ಹೆಸರಿನಲ್ಲೇ ಮಾಮೂಲಿ ಸ್ಕೀಮಿನ ನೋಂದಣಿ ಇದೆ. ಒಂದು ಪ್ಯಾನ್‌ಗೆ ನೋಂದಣಿ ಇದ್ದ ಮೇಲೆ ಬಾಡಿಗೆಯೂ ಅದರೊಳಗೇ ಬರುತ್ತೆ. ಅವರು ಬಿಲ್ ಕೊಟ್ಟು ಶೇ 18 ವಸೂಲಿ ಮಾಡಿ ಕಟ್ಟಬೇಕು, ಇಲ್ಲಿ ರಿವರ್ಸ್ ಚಾರ್ಜ್ ಇಲ್ಲ. ಬಾಡಿಗೆದಾರ ಗೊತ್ತಿಲ್ಲದೆ ತಾನೇ ಕಟ್ಟುತ್ತಾ ಹೋದರೆ ಮಾಲೀಕರ ಬಾಕಿ ಹಾಗೇ ನಿಂತಿರುತ್ತೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ Search Taxpayer ಒಳಗೆ Search by PAN ಇದೆ. ಕರಾರು ಪತ್ರದಲ್ಲಿರೋ ಪ್ಯಾನ್ ಹಾಕಿದರೆ ಮಾಲೀಕರಿಗೆ ನೋಂದಣಿ ಇದೆಯೋ ಇಲ್ಲವೋ ತಿಳಿಯುತ್ತೆ.

ಇನ್ನು ಕೆಲವರು 15,000ದಲ್ಲಿ 2,700 ಹಿಡಿದುಕೊಂಡು ಮಾಲೀಕರಿಗೆ 12,300 ಕೊಡ್ತಾರೆ, ಟಿಡಿಎಸ್ ಹಿಡಿದ ಹಾಗೆ. ಇದು ಟಿಡಿಎಸ್ ಅಲ್ಲ. ಬಾಡಿಗೆ ಪೂರ್ತಿ ಮಾಲೀಕರದ್ದು, ತೆರಿಗೆ ಅದರ ಮೇಲೆ ಬಾಡಿಗೆದಾರನ ಹೊಣೆ. ಕಡಿಮೆ ಕೊಡಬೇಕು ಅಂದ್ರೆ ಬಾಡಿಗೆಯನ್ನೇ ಮಾತಾಡಿ ಇಳಿಸಿ ಕರಾರಿನಲ್ಲಿ ಬರೆಸಿಕೊಳ್ಳಬೇಕು. ವಾಪಸ್ ಕೊಡುವ ಅಡ್ವಾನ್ಸ್‌ಗೆ ತೆರಿಗೆ ಇಲ್ಲ, ಅದನ್ನು ಬಾಡಿಗೆಗೆ ಮುರಿದುಕೊಂಡಾಗ ಮಾತ್ರ ಬರುತ್ತೆ.

ಮನೆ ಬಾಡಿಗೆ ವಿಷಯದಲ್ಲಿ ಹೆಚ್ಚಿನವರು ನಿಶ್ಚಿಂತೆಯಿಂದ ಇರಬಹುದು. ಜಿಎಸ್‌ಟಿ ನಂಬರ್ ಇಲ್ಲದ ಯಾರೇ ವಾಸಕ್ಕೆ ಮನೆ ಹಿಡಿದರೂ ತೆರಿಗೆ ಸೊನ್ನೆ, ಬಾಡಿಗೆ ಎಷ್ಟೇ ಇರಲಿ. 2022ರ ಜುಲೈ 18ರಿಂದ ಬದಲಾಗಿದ್ದು ನೋಂದಣಿ ಇರುವವರು ಮನೆ ಹಿಡಿದಾಗ ಮಾತ್ರ. ಆಗ ಶೇ 18 ರಿವರ್ಸ್ ಚಾರ್ಜ್, ಮಾಲೀಕರಿಗೆ ನೋಂದಣಿ ಇದ್ದರೂ ಇಲ್ಲದಿದ್ದರೂ ಕಟ್ಟೋದು ಬಾಡಿಗೆದಾರರೇ. ಹಾಗಾದರೆ ಅಂಗಡಿಯವನ ಸ್ವಂತ ಸಂಸಾರದ ಮನೆಗೂ ತೆರಿಗೆಯಾ ಅನ್ನೋ ಗಾಬರಿ ಎದ್ದಾಗ, 2023ರ ಜನವರಿ 1ರಿಂದ ಒಂದು ವಿವರಣೆ ಸೇರಿಸಿದರು: ಪ್ರೊಪ್ರೈಟರ್ ತನ್ನ ವೈಯಕ್ತಿಕ ಹೆಸರಿನಲ್ಲಿ, ತನ್ನ ವಾಸಕ್ಕೆ ಮನೆ ಹಿಡಿದರೆ ತೆರಿಗೆ ಇಲ್ಲ. ಇಲ್ಲಿ ಎಲ್ಲವೂ ನಿಂತಿರೋದು ಬಾಡಿಗೆ ಯಾವ ಲೆಕ್ಕದಿಂದ ಹೋಗುತ್ತೆ ಅನ್ನೋದರ ಮೇಲೆ. ಕರಾರು ಅಂಗಡಿಯ ಹೆಸರಿನಲ್ಲಿದ್ದು, ಬಾಡಿಗೆ ಅಂಗಡಿಯ ಕರೆಂಟ್ ಅಕೌಂಟ್‌ನಿಂದ ಹೋಗಿ ವ್ಯಾಪಾರದ ಖರ್ಚು ಅಂತ ಬರೆದಿದ್ದರೆ ವಿನಾಯಿತಿ ಉಳಿಯಲ್ಲ.

ಅಜ್ಜಂಪುರದಲ್ಲಿ ಒಂದು ಫೈನಾನ್ಸ್ ಕಂಪನಿ ತನ್ನ ಮ್ಯಾನೇಜರ್‌ಗೆ ಅಂತ 8,000ಕ್ಕೆ ಮನೆ ಹಿಡಿದರೆ ಕಂಪನಿ 1,440 ಕಟ್ಟಬೇಕು. ಅದೇ ಮನೆಯನ್ನು ಮ್ಯಾನೇಜರೇ ತನ್ನ ಹೆಸರಿನಲ್ಲಿ ಹಿಡಿದು, ಕಂಪನಿ ಸಂಬಳದಲ್ಲಿ ಮನೆ ಬಾಡಿಗೆ ಭತ್ಯೆ ಕೊಟ್ಟರೆ ತೆರಿಗೆಯೇ ಇಲ್ಲ. ಮನೆ ನಿಯಮದಲ್ಲೂ ಕಾಂಪೊಸಿಷನ್‌ನವರಿಗೆ ವಿನಾಯಿತಿ ಇಲ್ಲ. ಕೆಲಸದ ಹುಡುಗರಿಗೆ ಅಂತ ಬೇಕರಿಯವರು ಅಂಗಡಿ ಲೆಕ್ಕದಲ್ಲಿ ಮನೆ ಹಿಡಿದರೆ ಶೇ 18 ಕಟ್ಟಬೇಕು, ಕ್ರೆಡಿಟ್ ಇಲ್ಲದೆ.

ಮಾಮೂಲಿ ಸ್ಕೀಮಿನ ಹೋಟೆಲ್‌ನವರು ಬಾಡಿಗೆ ಹೊರೆ ನೋಡಿ ಕಾಂಪೊಸಿಷನ್‌ಗೆ ಹೋಗೋದಾದರೆ, ವಹಿವಾಟು ವರ್ಷಕ್ಕೆ 1.5 ಕೋಟಿಯೊಳಗಿರಬೇಕು, ಶೇ 5ನ್ನು ಗ್ರಾಹಕರ ಬಿಲ್‌ನಲ್ಲಿ ಹಾಕದೆ ತಮ್ಮ ಗಲ್ಲಾಪೆಟ್ಟಿಗೆಯಿಂದಲೇ ಕಟ್ಟಬೇಕು. ಬೋರ್ಡಿನ ದರದಲ್ಲೇ ತೆರಿಗೆ ಸೇರಿಸಿ ಮಾರುವ ಹೋಟೆಲ್‌ಗೆ ಇದರಿಂದ ಅಂಥ ವ್ಯತ್ಯಾಸವಾಗಲ್ಲ, ಬಾಡಿಗೆಯ 54,000 ಮಾತ್ರ ಉಳಿಯುತ್ತೆ. ಇದಕ್ಕೆ CMP-02 ಫಾರ್ಮ್ ಅನ್ನು ಮಾರ್ಚ್ 31ರೊಳಗೆ ಹಾಕಬೇಕು. ತಪ್ಪಿದರೆ ಮತ್ತೊಂದು ಹಣಕಾಸು ವರ್ಷ ಕಾಯಬೇಕು.