ಬೀಳ್ಕೊಳ್ಳುವವರು, ಬೀಳ್ಕೊಡುವವರು

ಹೊರಡುವವರಿಗೆ ಒಂದು ಕ್ರಿಯಾಪದ, ಉಳಿಯುವವರಿಗೆ ಇನ್ನೊಂದನ್ನು ಕನ್ನಡ ಇಟ್ಟುಕೊಂಡಿದೆ. ಹೋಗುವವರು ಬೀಳ್ಕೊಳ್ಳುತ್ತಾರೆ, ಕಳಿಸುವವರು ಬೀಳ್ಕೊಡುತ್ತಾರೆ. ಶಾಲೆಯ ಕರಿಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ‘ಬೀಳ್ಕೊಡುಗೆ ಸಮಾರಂಭ’ ಎಂದು ಬರೆಯುವುದು ಉಳಿಯುವವರ ಕೆಲಸ. ಶಾಲು, ಹಾರ, ಹೊಗಳಿಕೆ, ಕಣ್ಣೀರು ಎಲ್ಲ ಅವರ ಬಾಬತ್ತು. ಹೊರಡುವವರ ಪಾಲಿಗೆ ಉಳಿದದ್ದು ಬೀಳ್ಕೊಳ್ಳುವುದು, ಅಂದರೆ ಅಪ್ಪಣೆ ಪಡೆದು ಹೊರಡುವುದು, ಅಷ್ಟೆ.

ಬೆಂಗಳೂರಿನ ಆಫೀಸುಗಳಲ್ಲಿ ಈ ಎರಡು ಪದಗಳ ಜಾಗಕ್ಕೆ ಈಗ ‘ಲಾಸ್ಟ್ ವರ್ಕಿಂಗ್ ಡೇ’ ಬಂದಿದೆ. ನೋಟಿಸ್ ಪೀರಿಯಡ್‌ನ ತೊಂಬತ್ತನೇ ದಿನ ಲ್ಯಾಪ್‌ಟಾಪ್ ಒಪ್ಪಿಸುವ ಮುಂಚೆ ಎಲ್ಲರಿಗೂ ಒಂದು ಮೇಲ್ ಹೋಗುತ್ತದೆ. ಅದು ಬೀಳ್ಕೊಳ್ಳುವ ಮೇಲ್. ಬರೆಯುವವರು ಅದರಲ್ಲೇ ಬೀಳ್ಕೊಡುಗೆಯನ್ನೂ ನಡೆಸಲು ಹೊರಟಾಗ ಎಡವಟ್ಟಾಗುತ್ತದೆ. ತಮ್ಮ ಸಮಾರಂಭಕ್ಕೆ ತಾವೇ ಅಧ್ಯಕ್ಷರು, ತಾವೇ ಭಾಷಣಕಾರರು, ಕೊನೆಗೆ ವಂದನಾರ್ಪಣೆಯೂ ತಮ್ಮದೇ.

ನಾನು ಹಾಗೆ ಮಾಡಿದವನೇ. ಏಳು ವರ್ಷ ಇದ್ದ ಒಂದು ಕಂಪನಿ ಬಿಡುವಾಗ ಬರೆದ ಮೇಲ್ ಎರಡು ಪುಟ ಇತ್ತು. ಅದರಲ್ಲಿ 27 ಹೆಸರುಗಳಿದ್ದವು, ಒಬ್ಬೊಬ್ಬರಿಗೂ ಒಂದೊಂದು ಸಾಲು. ಮೊದಲ ಹತ್ತು ಸಾಲು ಮನಸ್ಸಿನಿಂದಲೇ ಬಂದವು. ಹದಿನೈದನೆಯದರ ಹೊತ್ತಿಗೆ ‘ಸದಾ ಹಸನ್ಮುಖಿ’ ಎಂಬಂಥ ವಿಶೇಷಣಗಳನ್ನು ಹುಡುಕುತ್ತಿದ್ದೆ. ಕಳಿಸಿದ ಮೇಲೆ ಹೊಳೆಯಿತು, ರಾತ್ರಿಯ ರಿಲೀಸುಗಳಲ್ಲಿ ನನ್ನ ಜೊತೆ ಬೆಳಗಿನ ನಾಲ್ಕರವರೆಗೆ ಕೂತಿದ್ದ ಟೆಸ್ಟರ್ ಹೆಸರೇ ಇರಲಿಲ್ಲ. ಮರೆತಿದ್ದೆ, ಬೇರೇನೂ ಕಾರಣವಿಲ್ಲ. ಆದರೆ 27 ಜನ ನೆನಪಾಗಿ ತಾನೊಬ್ಬಳು ನೆನಪಾಗಲಿಲ್ಲ ಎಂಬುದನ್ನು ಆಕೆ ಮರೆವು ಎಂದು ಯಾಕೆ ಓದಬೇಕು?

ನಮ್ಮವರಿಗೆ ಈ ಕಷ್ಟ ಹೊಸದಲ್ಲ. ಮದುವೆ ಕರೆಯೋಲೆಯಲ್ಲಿ ‘ಸುಖಾಗಮನ ಬಯಸುವವರು’ ಎಂದು ಹೆಸರು ಹಾಕಲು ಶುರುಮಾಡಿದರೆ ಒಬ್ಬ ದೊಡ್ಡಪ್ಪ ಬಿಟ್ಟುಹೋಗಿ ಮದುವೆಗೇ ಬರದ ಕಥೆ ಯಾವ ಮನೆಯಲ್ಲಿಲ್ಲ? ವಂದನಾರ್ಪಣೆಗೆ ನಿಂತವರು ಅದಕ್ಕೇ ‘ಯಾರ ಹೆಸರನ್ನಾದರೂ ಬಿಟ್ಟಿದ್ದರೆ ಕ್ಷಮಿಸಿ’ ಎನ್ನುತ್ತಾರೆ. ಬಿಟ್ಟುಹೋದವರಿಗೆ ಆ ಮಾತಿನಿಂದ ಸಮಾಧಾನವಾದದ್ದನ್ನು ನಾನಂತೂ ಕಂಡಿಲ್ಲ. ಹೆಸರು ಹೇಳಲೇಬೇಕಾದ ನಾಲ್ಕೈದು ಜನರಿಗೆ ಬೇರೆ ಬೇರೆಯಾಗಿ ಎರಡೆರಡು ಸಾಲು ಬರೆಯುವುದು ಒಳ್ಳೆಯದು. ಎಲ್ಲರಿಗೂ ಹೋಗುವ ಮೇಲ್‌ನಲ್ಲಿ ‘ನನ್ನ ತಂಡಕ್ಕೆ’ ಎಂದಿದ್ದರೆ ಆ ಟೆಸ್ಟರ್ ಕೂಡ ಅದರೊಳಗೇ ಇರುತ್ತಿದ್ದಳು.

ಅದೇ ಮೇಲ್‌ನಲ್ಲಿ ಇನ್ನೊಂದು ವಾಕ್ಯವಿತ್ತು: ‘ದುಡಿಮೆಗೆ ಬೆಲೆ ಸಿಗುವ ಕಡೆ ಹೋಗೋಣ ಅನ್ನಿಸಿತು’. ಹೆಸರೇ ಇಲ್ಲವಲ್ಲ, ತಪ್ಪೇನು ಅಂದುಕೊಂಡಿದ್ದೆ. ಹೆಸರಿಲ್ಲದ ಕಡೆ ಓದುವವರು ತಾವೇ ಹೆಸರು ತುಂಬಿಕೊಳ್ಳುತ್ತಾರೆ. ನನ್ನ ಮ್ಯಾನೇಜರ್ ತಮ್ಮನ್ನೇ ತುಂಬಿಕೊಂಡರು, ಅದು ಸರಿಯೂ ಇತ್ತು. ಅವರ ಮೇಲಿನವರೂ ತಮ್ಮನ್ನೇ ತುಂಬಿಕೊಂಡರು, ಅವರ ಬಗ್ಗೆ ನನಗೆ ದೂರೇ ಇರಲಿಲ್ಲ. ಇದರ ಬಿಸಿ ತಗುಲಿದ್ದು ನನಗಲ್ಲ, ಅಲ್ಲೇ ಉಳಿದ ನನ್ನ ತಂಡಕ್ಕೆ. ‘ನಿಮಗೂ ಹಾಗೇ ಅನ್ನಿಸುತ್ತಾ?’ ಎಂದು ಒಬ್ಬೊಬ್ಬರನ್ನೇ ರೂಮಿಗೆ ಕರೆದು ಕೇಳಿದರಂತೆ. ದೂರು ಹೇಳಲು ಎಕ್ಸಿಟ್ ಇಂಟರ್‌ವ್ಯೂ ಇತ್ತು. ಅಲ್ಲಿ ನಾನು ‘ಎಲ್ಲ ಚೆನ್ನಾಗಿತ್ತು’ ಎಂದು ಬರೆದು ಸಹಿ ಹಾಕಿ ಬಂದಿದ್ದೆ!

ಆ ಮೇಲ್‌ನ ಮೂರನೆಯ ತಪ್ಪು ಅಮ್ಮನ ಕಾಯಿಲೆಯ ವಿಷಯ. ಮೈಸೂರಿನ ಹತ್ತಿರ ಕೆಲಸ ಹಿಡಿದದ್ದು ಅದಕ್ಕಾಗಿ ಎಂದು ಆಪರೇಷನ್ ವಿವರಸಹಿತ ಬರೆದಿದ್ದೆ. ಪಕ್ಕದ ಮೇಜಿನವರಿಗೆ ಕ್ಯಾಂಟೀನಿನಲ್ಲಿ ಹೇಳುವ ಮಾತು ಮೇಲಿಂಗ್ ಲಿಸ್ಟಿನ ನಾನೂರು ಜನರಿಗೆ ಹೋಯಿತು. ಎಂಟು ತಿಂಗಳಾದ ಮೇಲೆ ಮೆಟ್ರೊದಲ್ಲಿ ಮುಖಪರಿಚಯವೂ ಇಲ್ಲದ ಒಬ್ಬರು ‘ತಾಯಿ ಹೇಗಿದ್ದಾರೆ?’ ಅಂದರು. ಪಾಪ, ಕಾಳಜಿಯಿಂದಲೇ ಕೇಳಿದ್ದು. ಅಷ್ಟರಲ್ಲಿ ಅಮ್ಮ ಹೋಗಿ ಮೂರು ವಾರವಾಗಿತ್ತು.

ಈಗ ಬರೆಯುವುದಾದರೆ ಇಷ್ಟು ಬರೆಯುತ್ತೇನೆ: ‘ಇವತ್ತು ಇಲ್ಲಿ ನನ್ನ ಕೊನೆಯ ದಿನ. ಏಳು ವರ್ಷದಲ್ಲಿ ನನ್ನ ತಂಡದಿಂದ ಬಹಳ ಕಲಿತೆ. ಬಿಲ್ಲಿಂಗ್ ಕೆಲಸದ ಟಿಪ್ಪಣಿಗಳೆಲ್ಲ ತಂಡದ ಫೋಲ್ಡರಿನಲ್ಲಿವೆ. ನನ್ನ ಸ್ವಂತ ಮೇಲ್ ವಿಳಾಸ ಕೆಳಗಿದೆ. ಹೋಗಿ ಬರ್ತೀನಿ.’ ಕಳಿಸುವುದು ಮಧ್ಯಾಹ್ನ ಊಟಕ್ಕೆ ಮುಂಚೆ, ಲಾಗಿನ್ ಇನ್ನೂ ಜೀವಂತ ಇರುವಾಗ.

ಆ ಎರಡು ಪುಟದ ಮೇಲ್ ಹೋದದ್ದು ಸಂಜೆ 5.40ಕ್ಕೆ. ಆರಕ್ಕೆ ಲಾಗಿನ್ ಮುಚ್ಚಿತು. ಸ್ವಂತ ವಿಳಾಸ ಹಾಕುವುದನ್ನೂ ಮರೆತಿದ್ದೆ. ಆ ಟೆಸ್ಟರ್ ಉತ್ತರ ಬರೆದಿದ್ದರೂ ನನಗೆ ತಲುಪಿಲ್ಲ.