‘ಕೆಳಗಿನ ಚಿತ್ರ ನೋಡಿ’ ಎಂದರೆ ಯಾವ ಚಿತ್ರ?

ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರರಿಗಾಗಿ ರೋಗಗಳ ಬಗ್ಗೆ ಒಂದು ಕಿರುಕೈಪಿಡಿ ಬರೆಯುತ್ತಿದ್ದೇವೆ ಎಂದುಕೊಳ್ಳೋಣ. ಫೋಟೊ ಚೆನ್ನಾಗಿದ್ದರೆ ಸಾಕು, ಅದೇ ಮಾತಾಡುತ್ತದೆ ಎಂದು ಹೆಚ್ಚಿನವರು ನಂಬಿದ್ದಾರೆ. ಅದು ನಿಜವೇ?

ಸುಳ್ಯದ ಕಡೆಯ ತೋಟಗಳನ್ನು ಕಾಡುವ ಎರಡು ರೋಗಗಳನ್ನು ನೋಡಿ. ಹಳದಿ ಎಲೆ ರೋಗದಲ್ಲಿ ಹೊರಸುತ್ತಿನ ಸೋಗೆಗಳ ಗರಿಗಳು ತುದಿಯಿಂದ ಹಳದಿಯಾಗುತ್ತವೆ. ಎಲೆಚುಕ್ಕಿ ರೋಗದಲ್ಲಿ ಕಂದು ಚುಕ್ಕಿಗಳು, ಅವುಗಳ ಸುತ್ತ ಹಳದಿ ಅಂಚು. ಚುಕ್ಕಿಗಳು ಕೂಡಿಕೊಂಡು ಎಲೆ ಒಣಗುತ್ತದೆ. ಎಲೆಚುಕ್ಕಿ ಬರುವುದು ಶಿಲೀಂಧ್ರದಿಂದ, ಅದಕ್ಕೆ ಶಿಲೀಂಧ್ರನಾಶಕ ಸಿಂಪಡಿಸಿದರೆ ಪ್ರಯೋಜನವುಂಟು. ಹಳದಿ ಎಲೆ ರೋಗಕ್ಕೆ ಕಾರಣ ಫೈಟೊಪ್ಲಾಸ್ಮಾ, ಅಲ್ಲಿ ಅದೇ ಸಿಂಪಡಣೆ ದಂಡ. ಇಷ್ಟು ಹತ್ತಿರದ ಎರಡು ಫೋಟೊಗಳನ್ನು ಬರೆದವರು ‘ಕೆಳಗಿನ ಚಿತ್ರ’, ‘ಪಕ್ಕದ ಚಿತ್ರ’ ಎಂದು ಸೂಚಿಸಿ ಮುದ್ರಣಕ್ಕೆ ಕೊಟ್ಟರು ಎನ್ನಿ. ಪುಟ ಕಟ್ಟುವಾಗ ಜಾಗ ಸಾಲದೆ ಒಂದು ಫೋಟೊ ಮುಂದಿನ ಪುಟಕ್ಕೆ ಹೋಗುತ್ತದೆ. ಈಗ ‘ಕೆಳಗೆ’ ಇರುವುದು ಇನ್ನೊಂದು ರೋಗದ ಚಿತ್ರ! ಕೈಪಿಡಿಯ ಜೆರಾಕ್ಸ್ ತೆಗೆದರಂತೂ ಹಳದಿ ಬಣ್ಣವೂ ಉಳಿಯುವುದಿಲ್ಲ.

ಆದ್ದರಿಂದ ಜಾಗವನ್ನಲ್ಲ, ಸಂಖ್ಯೆಯನ್ನು ಹೇಳಬೇಕು. ಬರಹದಲ್ಲಿ ಮೊದಲು ಪ್ರಸ್ತಾಪವಾದದ್ದು ಚಿತ್ರ 1, ಆಮೇಲಿನದು ಚಿತ್ರ 2. ಕೋಷ್ಟಕಗಳಿಗೆ ಬೇರೆಯೇ ಸಾಲು: ಕೋಷ್ಟಕ 1, ಕೋಷ್ಟಕ 2. ಪ್ರಸ್ತಾಪ ಮೊದಲು ಬರಲಿ, ಚಿತ್ರ ಅದರ ಹಿಂದೆಯೇ ಅದೇ ಪುಟದಲ್ಲೋ ಎದುರು ಪುಟದಲ್ಲೋ ಬರಲಿ. ಬರಹದಲ್ಲಿ ಎಲ್ಲೂ ಹೆಸರಿಸದ ಚಿತ್ರವಿದ್ದರೆ ಅದು ಆ ಪುಸ್ತಕಕ್ಕೆ ಬೇಕಾಗಿಲ್ಲ ಎಂದೇ ನಮ್ಮ ಅಭಿಪ್ರಾಯ.

ಇನ್ನು ಅಡಿಬರಹ. ‘ಚಿತ್ರ 2. ರೋಗಪೀಡಿತ ಎಲೆ’ ಎಂದರೆ ಏನೂ ಹೇಳಿದಂತಾಗಲಿಲ್ಲ. ‘ಚಿತ್ರ 2. ಎಲೆಚುಕ್ಕಿ ರೋಗ: ಕಂದು ಚುಕ್ಕಿಯ ಸುತ್ತ ಹಳದಿ ಅಂಚು (ಬಾಣದ ಗುರುತು)’ ಎಂದರೆ ಒಳಗಿನ ಬರಹ ಓದದವರಿಗೂ ಗೊತ್ತಾಗುತ್ತದೆ. ಅಡಿಬರಹ ಫೋಟೊದ ಹೊರಗಿದ್ದರೆ ವಾಟ್ಸಾಪಿನಲ್ಲಿ ಫೋಟೊ ಮಾತ್ರ ಊರೂರು ಸುತ್ತುತ್ತದೆ. ಹಾಗಾಗಿ ರೋಗದ ಹೆಸರನ್ನಾದರೂ ಫೋಟೊದ ಮೂಲೆಯಲ್ಲೇ ಬರೆದುಬಿಡುವುದು ಕ್ಷೇಮ.

ಕೋಷ್ಟಕದ ಶೀರ್ಷಿಕೆ ಸಾಮಾನ್ಯವಾಗಿ ಮೇಲೆ ಬರುತ್ತದೆ. ಕೋಷ್ಟಕವನ್ನು ಮೇಲಿನಿಂದ ಕೆಳಗೆ ಓದುವುದರಿಂದ ಅಂಕಿಗಳಿಗಿಂತ ಮೊದಲು ಅವು ಯಾವುದರವು ಎಂದು ತಿಳಿಯಬೇಕಲ್ಲ? ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣವನ್ನೇ ತೆಗೆದುಕೊಳ್ಳಿ. ಶೇ. 1ರ ದ್ರಾವಣಕ್ಕೆ ಮೈಲುತುತ್ತು 1 ಕೆಜಿ, ಸುಣ್ಣ 1 ಕೆಜಿ, ಒಟ್ಟು ನೀರು 100 ಲೀಟರ್. ಶೀರ್ಷಿಕೆ ಬರೇ ‘ಬೋರ್ಡೋ ತಯಾರಿ’ ಎಂದಿದ್ದು, ಒಳಗೆ ಮೈಲುತುತ್ತು 1, ಸುಣ್ಣ 1 ಎಂದಷ್ಟೇ ಇದ್ದರೆ? ಮನೆಯಲ್ಲಿರುವುದು 200 ಲೀಟರಿನ ಡ್ರಮ್ಮು. ಅದಕ್ಕೆ ಅಷ್ಟನ್ನೇ ಹಾಕಿದರೆ ದ್ರಾವಣ ಅರ್ಧ ಶೇಕಡಕ್ಕೆ ಇಳಿಯುತ್ತದೆ. ‘ಕೋಷ್ಟಕ 1. ಶೇ. 1ರ ಬೋರ್ಡೋ ದ್ರಾವಣ, 100 ಲೀಟರಿಗೆ (ತೂಕ ಕೆಜಿಯಲ್ಲಿ)’ ಎಂದು ಬರೆದರೆ ಈ ಎಡವಟ್ಟು ಆಗುವುದಿಲ್ಲ.

ಸಂಖ್ಯೆಗಳನ್ನು ಕೈಯಲ್ಲಿ ಟೈಪ್ ಮಾಡಬೇಡಿ. ಕೊನೆಗಳಿಗೆಯಲ್ಲಿ ನಡುವೆ ಒಂದು ಚಿತ್ರ ಸೇರಿದರೆ ಮುಂದಿನದ್ದೆಲ್ಲ ತಪ್ಪುತ್ತದೆ. ವರ್ಡ್‌ನಲ್ಲಿ ಚಿತ್ರವನ್ನು ಆರಿಸಿ References > Insert Caption ಒತ್ತಿ, New Label ಮೂಲಕ ‘ಚಿತ್ರ’ ಎಂಬ ಹೆಸರು ಕೊಡಿ. ಬರಹದೊಳಗೆ ಸೂಚಿಸಬೇಕಾದ ಕಡೆ Cross-reference ತೆರೆದು Only label and number ಆರಿಸಿ. ‘ಚಿತ್ರ 2’ ಬಂದ ಮೇಲೆ ‘ರಲ್ಲಿ’, ‘ನ್ನು’ ಎಂಬ ಪ್ರತ್ಯಯವನ್ನು ಅದರ ಹೊರಗೆ, ಅಂಟಿಸಿ ಟೈಪ್ ಮಾಡಬೇಕು. ಒಳಗೆ ಸೇರಿಸಿದರೆ ಸಂಖ್ಯೆ ಬದಲಾಗುವಾಗ ಪ್ರತ್ಯಯವೂ ಅಳಿಸಿಹೋಗುತ್ತದೆ. ಇದು ಕನ್ನಡದಲ್ಲಿ ಬರೆಯುವವರು ಪಡುವ ಪಾಡು!

ಚಿತ್ರ ಸೇರಿಸಿದ್ದಕ್ಕೋ ತೆಗೆದದ್ದಕ್ಕೋ ಬರಹದೊಳಗಿನ ಸೂಚನೆಗಳು ತಾವಾಗಿ ಬದಲಾಗುವುದಿಲ್ಲ. Ctrl+A, ಆಮೇಲೆ F9 ಒತ್ತಬೇಕು. ಚಿತ್ರವನ್ನು In Line with Text ಎಂದೇ ಇಡಿ. ಪುಟದ ಮೇಲೆ ತೇಲುವ ಚಿತ್ರವಾದರೆ ಅದರ ಅಡಿಬರಹ ಬೇರೆ ಪೆಟ್ಟಿಗೆಯೊಳಗೆ ಕೂರುತ್ತದೆ, Ctrl+A ಅದನ್ನು ಹಿಡಿಯುವುದಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹೆಸರು ಬೇರೆ ಫಾಂಟಿಗೆ ಹೋದಾಗ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗುತ್ತದೆ, ಅದಕ್ಕೆ ಯೂನಿಕೋಡನ್ನೇ ಬಳಸಿ.

ಮುದ್ರಣಕ್ಕೆ ಕೊಡುವ ಮೊದಲು ಕಡತದಲ್ಲಿ ಈ ಸಾಲನ್ನು ಹುಡುಕಿ:

```
Error! Reference source not found.
```

ಸಿಕ್ಕಿತೆಂದರೆ, ಯಾರೋ ಅಡಿಬರಹವನ್ನು ಅಳಿಸಿದ್ದಾರೆ, ಸೂಚನೆ ಮಾತ್ರ ಉಳಿದಿದೆ. ಸಂಖ್ಯೆ ಸರಿಯಿದ್ದು ಫೋಟೊವೇ ಅದಲುಬದಲಾಗಿದ್ದರೆ ಮಾತ್ರ ಯಂತ್ರಕ್ಕೆ ತಿಳಿಯುವುದಿಲ್ಲ. ಒಂದು ಪ್ರತಿ ಮುದ್ರಿಸಿ, ರೋಗ ಗೊತ್ತಿರುವ ಬೆಳೆಗಾರರೊಬ್ಬರ ಕೈಗೆ ಕೊಟ್ಟು, ‘ಚಿತ್ರ 2 ಯಾವ ರೋಗದ್ದು?’ ಎಂದು ಅಡಿಬರಹವನ್ನು ಮುಚ್ಚಿ ಕೇಳಬೇಕು.