ಅರ್ಧ ಅಂಗುಲ ಬಿಟ್ಟುಕೊಟ್ಟ ಗುಟ್ಟು

ಅಫಜಲಪುರ ತಾಲ್ಲೂಕಿನ ಘತ್ತರಗಿಯಲ್ಲಿ, ಭೀಮಾ ದಂಡೆಯ ಒಂದು ಎರೆ ಹೊಲದಲ್ಲಿ ನೀವು ನಿಂತಿದ್ದೀರಿ ಎಂದಿಟ್ಟುಕೊಳ್ಳಿ. ಸರಿಯಾಗಿ ಒಂದು ಎಕರೆ ಬರುವಂತೆ ಚೌಕವೊಂದನ್ನು ಅಳೆದು ನಾಲ್ಕು ಮೂಲೆಗೆ ಗೂಟ ಹೊಡೆಯಬೇಕು. ಕೈಯಲ್ಲಿ ಅಳತೆಯ ಟೇಪು ಇದೆ, ಕಾಗದ ಪೆನ್ಸಿಲ್ ಇವೆ, ಕ್ಯಾಲ್ಕುಲೇಟರ್ ಇಲ್ಲ. ಚೌಕದ ಬಾಹು ಎಷ್ಟು ಅಡಿ?

ಒಂದು ಗುಂಟೆ ಎಂದರೆ 33 ಅಡಿ ಬಾಹುವಿನ ಚೌಕ, ಅಂದರೆ 1089 ಚದರ ಅಡಿ. ನಲವತ್ತು ಗುಂಟೆಗೆ ಒಂದು ಎಕರೆ, 43,560 ಚದರ ಅಡಿ. ಇದರ ವರ್ಗಮೂಲ ನಮಗೆ ಬೇಕು. ಸರ್ವೆಯಲ್ಲಿ ಬಳಸುತ್ತಿದ್ದ 66 ಅಡಿಯ ಸರಪಳಿಯಲ್ಲಿ ಯೋಚಿಸಿದರೆ ಲೆಕ್ಕ ಇನ್ನೂ ಹಗುರ. ಒಂದು ಎಕರೆ ಎಂದರೆ 10 ಚದರ ಸರಪಳಿ. ಹಾಗಾಗಿ ಬಾಹು √10 ಸರಪಳಿ. ಈ √10 ಅನ್ನು ನೆನಪಿನಲ್ಲಿಡಿ, ಮುಂದೆ ಬೇರೊಂದು ಕಡೆ ಮತ್ತೆ ಎದುರಾಗುತ್ತದೆ.

ಮೂರರ ವರ್ಗ 9, ನಾಲ್ಕರ ವರ್ಗ 16. ಆದ್ದರಿಂದ ಬಾಹು 3 ಮತ್ತು 4 ಸರಪಳಿಗಳ ನಡುವೆ ಇದೆ, 3ಕ್ಕೆ ಹತ್ತಿರ. ಮೊದಲು 3 ಸರಪಳಿ, ಅಂದರೆ 198 ಅಡಿ ಹಿಡಿಯೋಣ. ಒಂದು ಬದಿ 198 ಅಡಿ ಇದ್ದು ಕ್ಷೇತ್ರ ಒಂದು ಎಕರೆ ಆಗಬೇಕಾದರೆ ಇನ್ನೊಂದು ಬದಿ 43,560 ÷ 198 = 220 ಅಡಿ ಇರಬೇಕು. ಈಗ ನಮ್ಮ ಮುಂದೆ ಒಂದು ಎಕರೆಯ ಆಯತ ಇದೆ. ಅದು ಚೌಕವಲ್ಲ, ಅಷ್ಟೆ. ಒಂದು ಬದಿ ಬೇಕಾದ್ದಕ್ಕಿಂತ ಗಿಡ್ಡ, ಇನ್ನೊಂದು ಉದ್ದ. ನಿಜವಾದ ಬಾಹು ಇವೆರಡರ ನಡುವೆಯೇ ಸಿಕ್ಕಿಬಿದ್ದಿದೆ. ಹಾಗಾದರೆ ಸರಾಸರಿ ತೆಗೆದುಕೊಳ್ಳೋಣ: (198 + 220) ÷ 2 = 209 ಅಡಿ.

ಇದನ್ನು ಪರೀಕ್ಷಿಸಿ. 209ರ ವರ್ಗ 43,681. ಎಕರೆಗಿಂತ 121 ಚದರ ಅಡಿ ಹೆಚ್ಚು, ಗುಂಟೆಯ ಒಂಬತ್ತನೆಯ ಒಂದು ಭಾಗ. ಪಕ್ಕದ ಹೊಲದವರು ಸುಮ್ಮನಿರಲಾರರು! ಅದೇ ಕೆಲಸವನ್ನು ಇನ್ನೊಮ್ಮೆ ಮಾಡೋಣ. 43,560 ÷ 209 = 208.421. ಈಗ ಬಾಹು 208.421 ಮತ್ತು 209ರ ನಡುವೆ ಇದೆ. ಇವುಗಳ ಸರಾಸರಿ 208.7105. ನಿಜವಾದ ಬೆಲೆ 208.7103. ವ್ಯತ್ಯಾಸ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಗೂಟದ ದಪ್ಪದ ಮುಂದೆ ಅದು ಲೆಕ್ಕಕ್ಕೇ ಬಾರದು.

ಮೊದಲ ಸಲ ಹೆಚ್ಚಾದ 121 ಎಲ್ಲಿಂದ ಬಂತು? ಆಯತದ ಬದಿಗಳ ವ್ಯತ್ಯಾಸ 22, ಅದರ ಅರ್ಧ 11, ಅದರ ವರ್ಗ 121. ಇದು ಆಕಸ್ಮಿಕವಲ್ಲ. ಬದಿಗಳು b ಮತ್ತು c ಆಗಿದ್ದರೆ

((b + c)/2)² − bc = ((b − c)/2)²

ವಿಸ್ತರಿಸಿ ನೋಡಿದರೆ ಒಂದು ನಿಮಿಷದಲ್ಲಿ ಸಿದ್ಧವಾಗುತ್ತದೆ. ಬಲಬದಿಯಲ್ಲಿರುವುದು ಒಂದು ವರ್ಗ, ಅದು ಋಣವಾಗಲಾರದು. ಆದ್ದರಿಂದ ಸರಾಸರಿ ಯಾವಾಗಲೂ ಮೂಲಕ್ಕಿಂತ ಹೆಚ್ಚೇ ಇರುತ್ತದೆ, ಕಡಿಮೆ ಆಗುವುದೇ ಇಲ್ಲ. ಎರಡನೆಯ ಸುತ್ತಿನಲ್ಲಿ ವ್ಯತ್ಯಾಸದ ಅರ್ಧ 0.29 ಅಡಿ, ಅದರ ವರ್ಗ ಸುಮಾರು 0.084 ಚದರ ಅಡಿ. ಇಡೀ ಎಕರೆಯಲ್ಲಿ ಹೆಚ್ಚಾದದ್ದು 12 ಚದರ ಅಂಗುಲ, ಒಂದು ಅಂಗೈಯಷ್ಟು ನೆಲ.

ತರಗತಿಯಲ್ಲಿ ಈ ಗುಣ ಬಹಳ ಉಪಯೋಗಕ್ಕೆ ಬರುತ್ತದೆ. ಒಂದು ಸುತ್ತು ಮುಗಿದ ಮೇಲೆ ಬಂದ ಸರಾಸರಿಯ ವರ್ಗ ಮೂಲ ಸಂಖ್ಯೆಗಿಂತ ಕಡಿಮೆ ಬಂದರೆ, ಒಂದೋ ಭಾಗಾಕಾರ ತಪ್ಪಿದೆ, ಇಲ್ಲವೇ ದಶಮಾಂಶವನ್ನು ತೀರಾ ಬೇಗ ಕತ್ತರಿಸಲಾಗಿದೆ. ಆದರೆ ತಪ್ಪಿದರೂ ಹೆದರಬೇಕಿಲ್ಲ. ತಪ್ಪಾದ ಸಂಖ್ಯೆಯಿಂದಲೇ ಮತ್ತೆ ಭಾಗಿಸಿದರೆ ಹೊಸ ಜೋಡಿ ಮೂಲವನ್ನು ಮತ್ತೆ ನಡುವೆ ಹಿಡಿಯುತ್ತದೆ. ಒಂದೆರಡು ಸುತ್ತು ಹೆಚ್ಚಾಗುತ್ತದೆ ಅಷ್ಟೆ. ದುಬಾರಿಯಾಗುವುದು ಕೆಟ್ಟ ಆರಂಭ. ಬಾಹು 1 ಅಡಿ ಎಂದು ಹೊರಟರೆ ಮೊದಲ ಸರಾಸರಿ 21,780 ದಾಟುತ್ತದೆ. ಆಮೇಲೆ ಅದು ಪ್ರತಿ ಸುತ್ತಿಗೆ ಅರ್ಧರ್ಧವಾಗುತ್ತಾ ಇಳಿಯುವುದನ್ನು ಕಾಯುತ್ತಾ ಕೂರಬೇಕು. ಮೊದಲು ಎರಡು ಪೂರ್ಣ ವರ್ಗಗಳ ನಡುವೆ ಸಂಖ್ಯೆಯನ್ನು ಕಟ್ಟಿಹಾಕುವುದು ಇದಕ್ಕಾಗಿಯೇ.

ಕ್ರಿ.ಶ. ಒಂದನೆಯ ಶತಮಾನದ ಅಲೆಕ್ಸಾಂಡ್ರಿಯದ ಹೆರಾನ್ 720ರ ವರ್ಗಮೂಲವನ್ನು ಹೀಗೆಯೇ ತೆಗೆದಿದ್ದಾನೆ. 27ರಿಂದ ಭಾಗಿಸಿ 26⅔ ಪಡೆದು, ಸರಾಸರಿ 26⅚ ಎಂದು ಹೇಳಿ, ಅದರ ವರ್ಗ 720ಕ್ಕಿಂತ 1/36ರಷ್ಟು ಮಾತ್ರ ಹೆಚ್ಚು ಎಂಬುದನ್ನೂ ತೋರಿಸಿದ್ದಾನೆ. ಆದರೆ ನಮಗೆ ಹೆಚ್ಚು ಸ್ವಾರಸ್ಯಕರವಾದ ಉದಾಹರಣೆ ಬೇರೊಂದಿದೆ. ಅದರ ಎಳೆ ಘತ್ತರಗಿಯಿರುವ ಕಲಬುರಗಿ ಜಿಲ್ಲೆಗೇ ಬಂದು ತಾಗುತ್ತದೆ.

ಭೀಮೆಯನ್ನು ಸೇರುವ ಕಾಗಿಣಾ ನದಿಯ ದಂಡೆಯಲ್ಲಿ ಮಳಖೇಡ ಇದೆ. ಅದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 9ನೆಯ ಶತಮಾನದಲ್ಲಿ ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನನ್ನು ಮಹಾವೀರಾಚಾರ್ಯ ತನ್ನ ‘ಗಣಿತಸಾರಸಂಗ್ರಹ’ದ ಆರಂಭದಲ್ಲಿ ಸ್ತುತಿಸಿದ್ದಾನೆ. (ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಈ ಗ್ರಂಥವನ್ನು 1912ರಲ್ಲಿ ಮದರಾಸಿನಲ್ಲಿ ಪ್ರಕಟಿಸಿದರು.) ವೃತ್ತದ ಪರಿಧಿಗೆ ಅವನು ಎರಡು ನಿಯಮ ಕೊಡುತ್ತಾನೆ. ಸ್ಥೂಲವಾಗಿ ವ್ಯಾಸದ ಮೂರು ಪಟ್ಟು. ಸೂಕ್ಷ್ಮವಾಗಿ ವ್ಯಾಸದ √10 ಪಟ್ಟು. ನಮ್ಮ ಎಕರೆಯ √10 ಇದೇ.

ಇದು ಅವನಿಗಿಂತ ಹಳೆಯ ಜೈನ ಪರಂಪರೆಯ ಬೆಲೆ. ಜಂಬೂದ್ವೀಪಪ್ರಜ್ಞಪ್ತಿ ಮೊದಲಾದ ಗ್ರಂಥಗಳಲ್ಲಿ ಒಂದು ಲಕ್ಷ ಯೋಜನ ವ್ಯಾಸದ ಜಂಬೂದ್ವೀಪದ ಪರಿಧಿಯನ್ನು 3,16,227 ಯೋಜನ, 3 ಗವ್ಯೂತಿ, 128 ಧನುಸ್ಸು, 13½ ಅಂಗುಲ ಮತ್ತು ಇನ್ನೂ ಸ್ವಲ್ಪ ಎಂದು ಹೇಳಿದೆ. ಯೋಜನಕ್ಕೆ 4 ಗವ್ಯೂತಿ, ಗವ್ಯೂತಿಗೆ 2000 ಧನುಸ್ಸು, ಧನುಸ್ಸಿಗೆ 96 ಅಂಗುಲ. π ನಿಜವಾಗಿ 3.1416 ಆದ್ದರಿಂದ ಈ ಪರಿಧಿ ಎರಡು ಸಾವಿರ ಯೋಜನಕ್ಕೂ ಮಿಕ್ಕಿ ಹೆಚ್ಚಾಗಿದೆ. ಅಂಥದ್ದರಲ್ಲಿ ಅರ್ಧ ಅಂಗುಲದವರೆಗೆ ಲೆಕ್ಕವಿಟ್ಟದ್ದು ಕಂಡು ನಗು ಬರಬಹುದು. ಆದರೆ ಆ ಅರ್ಧ ಅಂಗುಲವೇ ಲೆಕ್ಕಿಗರ ದಾರಿಯನ್ನು ನಮಗೆ ಬಿಟ್ಟುಕೊಡುತ್ತದೆ.

ಇಲ್ಲಿ ಬೇಕಾದದ್ದು ಒಂದರ ಮುಂದೆ ಹನ್ನೊಂದು ಸೊನ್ನೆಗಳಿರುವ ಸಂಖ್ಯೆಯ ವರ್ಗಮೂಲ. ಅದರೊಳಗೆ ಹಿಡಿಸುವ ಅತಿ ದೊಡ್ಡ ಪೂರ್ಣ ವರ್ಗ 3,16,227ರದು. ಉಳಿಯುವ ಶೇಷ 4,84,471. ಹಳೆಯ ನಿಯಮವೆಂದರೆ ಶೇಷವನ್ನು ಮೂಲದ ಇಮ್ಮಡಿಯಿಂದ, ಅಂದರೆ 6,32,454ರಿಂದ ಭಾಗಿಸಿ ಮೂಲಕ್ಕೆ ಕೂಡಿಸುವುದು. ಮೂಲವನ್ನು a, ಶೇಷವನ್ನು r ಎಂದರೆ ಉತ್ತರ a + r/2a. ಇದು ಹೊಸದೇನಲ್ಲ. ಇಡೀ ಸಂಖ್ಯೆಯನ್ನು a ಇಂದ ಭಾಗಿಸಿದರೆ a + r/a ಬರುತ್ತದೆ. a ಮತ್ತು a + r/a ಇವುಗಳ ಸರಾಸರಿಯೇ a + r/2a. ಹೊಲದಲ್ಲಿ 198 ಮತ್ತು 220 ಹಿಡಿದು ನಾವು ಮಾಡಿದ್ದೂ ಇದನ್ನೇ.

ಭಾಗಿಸಿ ನೋಡಿ. 4,84,471 ÷ 6,32,454 = 0.7660178 ಯೋಜನ. ನಾಲ್ಕರಿಂದ ಗುಣಿಸಿದರೆ 3 ಗವ್ಯೂತಿ, ಉಳಿದ ಭಾಗವನ್ನು 2000ದಿಂದ ಗುಣಿಸಿದರೆ 128 ಧನುಸ್ಸು, ಅದರಲ್ಲಿ ಉಳಿದದ್ದನ್ನು 96ರಿಂದ ಗುಣಿಸಿದರೆ 13.64 ಅಂಗುಲ. ಗ್ರಂಥಗಳ ‘13½ ಮತ್ತು ಇನ್ನೂ ಸ್ವಲ್ಪ’ ಎಂಬುದಕ್ಕೆ ಸರಿಹೊಂದಿತು. ಆದರೆ ವರ್ಗಮೂಲವನ್ನು ಇನ್ನೂ ನಿಖರವಾಗಿ ತೆಗೆದರೆ ಯೋಜನ, ಗವ್ಯೂತಿ, ಧನುಸ್ಸುಗಳೆಲ್ಲ ಹಾಗೆಯೇ ಉಳಿದು ಅಂಗುಲ ಮಾತ್ರ 12.93 ಆಗುತ್ತದೆ. ಸರಾಸರಿ ಮೂಲಕ್ಕಿಂತ ಹೆಚ್ಚೇ ಇರಬೇಕು ಎಂಬ ನಿಯಮದಂತೆ ಗ್ರಂಥದ ಬೆಲೆ ಸುಮಾರು 0.7 ಅಂಗುಲ ಹೆಚ್ಚಾಗಿದೆ. ಅಂದರೆ ಆ ಲೆಕ್ಕಿಗರು ಒಂದೇ ಒಂದು ಸರಾಸರಿ ತೆಗೆದು ನಿಲ್ಲಿಸಿದ್ದಾರೆ. ಎರಡನೆಯ ಸುತ್ತು ಹೋಗಿದ್ದರೆ ಗ್ರಂಥಗಳಲ್ಲಿ 13ರ ಬದಲು 12 ಎಂದಿರುತ್ತಿತ್ತು.